ಒಂದು ಕೋಟಿ ರೂಪಾಯಿ, ಆರು ಕೊಟೇಶನ್: ಗಂಗಾವತಿಯ ಒಂದು ಅಕ್ಕಿ ಮಿಲ್ಲಿನ ಲೆಕ್ಕ

ಮೇಜಿನ ಮೇಲೆ ಆರು ಕೊಟೇಶನ್ ಇದ್ದವು. ಎಲ್ಲ ಕೂಡಿಸಿದರೆ 2 ಕೋಟಿ 22 ಲಕ್ಷ ರೂಪಾಯಿ. ಮಿಲ್ಲಿನ ಕೈಯಲ್ಲಿ ಇದ್ದದ್ದು 1 ಕೋಟಿ.

ಗಂಗಾವತಿ ಕಡೆಯ ಈ ಅಕ್ಕಿ ಮಿಲ್ಲಿನ ಲೆಕ್ಕಪತ್ರವನ್ನು ನಾನು ಬಹಳ ವರ್ಷದಿಂದ ನೋಡುತ್ತಿದ್ದೇನೆ. ಮಿಲ್ಲಿನ ಹೆಸರು ಇಲ್ಲಿ ಬೇಡ. ಓದಲು ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ಸಮ ಮಾಡಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಅದರಲ್ಲೂ ಸೋನಾ ಮಸೂರಿ, ಇವರ ಮುಖ್ಯ ವ್ಯವಹಾರ. ಮಿಲ್ಲು ನಡೆಸುವವರು ಅಪ್ಪ ಮತ್ತು ಮಗ. ಜೊತೆಗೆ ಮೂವತ್ತು ವರ್ಷದಿಂದ ಇರುವ ಒಬ್ಬ ಮ್ಯಾನೇಜರ್.

1 ಕೋಟಿ ಎಂಬ ಮಿತಿ ಹೇಗೆ ಬಂತು ಅಂತ ಮೊದಲು ಹೇಳಬೇಕು. ಬ್ಯಾಂಕಿನಲ್ಲಿ ಹಳೆಯ ಯಂತ್ರದ ಸಾಲ ಇನ್ನೂ ಎರಡು ವರ್ಷ ಬಾಕಿ ಇತ್ತು. ಅದು ತೀರುವ ತನಕ ಹೊಸ ಸಾಲ ಇಲ್ಲ ಎಂದು ಬ್ಯಾಂಕ್ ಹೇಳಿತ್ತು. ಭತ್ತ ಖರೀದಿಯ ಕ್ಯಾಶ್ ಕ್ರೆಡಿಟ್ ಪೂರ್ತಿ ಬಳಕೆಯಲ್ಲಿತ್ತು. ಹೊಲ ಮಾರುವುದಿಲ್ಲ, ಹೊರಗಿನ ಪಾಲುದಾರರು ಬೇಡ ಎಂದು ಮನೆಯವರು ತೀರ್ಮಾನ ಮಾಡಿದ್ದರು. ಅವಧಿ ಮುಗಿದ ಠೇವಣಿ ಮತ್ತು ಉಳಿಸಿಟ್ಟ ಲಾಭ ಸೇರಿದರೆ 1 ಕೋಟಿ. ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಇದನ್ನೇ ಬಂಡವಾಳ ಪಡಿತರ ಎನ್ನುತ್ತಾರೆ. ರೇಷನ್ ಕಾರ್ಡಿನ ಅಕ್ಕಿಯ ಹಾಗೆ, ಹಸಿವು ಎಷ್ಟಿದ್ದರೂ ಸಿಗುವುದು ಅಷ್ಟೇ.

ಮಿತಿ ಇಲ್ಲದಿದ್ದರೆ ಲೆಕ್ಕ ಸರಳ ಇತ್ತು. ಪ್ರತಿ ಯೋಜನೆಯಿಂದ ಮುಂದೆ ಬರುವ ಹಣವನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಬೇಕು. ಅದರಿಂದ ಇವತ್ತು ಹಾಕುವ ಹಣ ಕಳೆಯಬೇಕು. ಉಳಿದದ್ದು ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಎನ್‌ಪಿವಿ. ಅದು ಸೊನ್ನೆಗಿಂತ ಜಾಸ್ತಿ ಇದ್ದರೆ ಯೋಜನೆ ಒಳ್ಳೆಯದು, ಮಾಡಬಹುದು. ನಮ್ಮ ಆರೂ ಯೋಜನೆಗಳ ಎನ್‌ಪಿವಿ ಸೊನ್ನೆಗಿಂತ ಮೇಲೇ ಇತ್ತು. ಹಾಗಾಗಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಯಿಂದ ಇಲ್ಲಿ ಏನೂ ತೀರುವುದಿಲ್ಲ. ಒಳ್ಳೆಯವುಗಳಲ್ಲೇ ಯಾವುದನ್ನು ಬಿಡುವುದು ಅಂತ ಕೇಳಬೇಕು.

ಆರು ಯೋಜನೆ ಇವು. ಮೊದಲನೆಯದು ಕುಸುಬಲಕ್ಕಿ ಪ್ಲಾಂಟ್. ಭತ್ತ ನೆನೆಸುವ ಟ್ಯಾಂಕು, ಉಮಿ ಉರಿಸುವ ಬಾಯ್ಲರ್, ಡ್ರೈಯರ್ ಎಲ್ಲ ಸೇರಿ 80 ಲಕ್ಷ. ಬೇರೆ ಮಿಲ್ಲಿನವರ ಭತ್ತವನ್ನು ಕೂಲಿಗೆ ಬೇಯಿಸಿಕೊಡುವ ಯೋಚನೆ, ವರ್ಷಕ್ಕೆ 19 ಲಕ್ಷದಂತೆ 10 ವರ್ಷ. ಎರಡನೆಯದು 30 ಲಕ್ಷದ ಸಾರ್ಟೆಕ್ಸ್ ಯಂತ್ರ. ಕಪ್ಪು ಕಾಳು, ಹಳದಿ ಕಾಳು, ಕಲ್ಲು ಬೇರೆ ಮಾಡುವುದು ಇದರ ಕೆಲಸ. ಈಗ ಅಕ್ಕಿಯನ್ನು ಬೇರೆ ಮಿಲ್ಲಿಗೆ ಕಳಿಸಿ ಸಾರ್ಟ್ ಮಾಡಿಸುತ್ತಾರೆ. ಆ ಕೂಲಿ ಮತ್ತು ಲಾರಿ ಬಾಡಿಗೆ ಉಳಿದರೆ ವರ್ಷಕ್ಕೆ 10 ಲಕ್ಷ, 7 ವರ್ಷ. ಮೂರನೆಯದು ಚಾವಣಿ ಮೇಲೆ 100 ಕಿಲೋವ್ಯಾಟ್ ಸೋಲಾರ್. 50 ಲಕ್ಷ ಹಾಕಿದರೆ ವಿದ್ಯುತ್ ಬಿಲ್ಲಿನಲ್ಲಿ ವರ್ಷಕ್ಕೆ 9.4 ಲಕ್ಷ ಉಳಿತಾಯ, 20 ವರ್ಷ. ನಾಲ್ಕನೆಯದು 35 ಲಕ್ಷದ ಗೋದಾಮು. ಅದರಿಂದ ವರ್ಷಕ್ಕೆ 9 ಲಕ್ಷ, 15 ವರ್ಷ. ಐದನೆಯದು ಲಾರಿ ತೂಗುವ 15 ಲಕ್ಷದ ವೇಬ್ರಿಡ್ಜ್, ವರ್ಷಕ್ಕೆ 3.8 ಲಕ್ಷದಂತೆ 10 ವರ್ಷ. ಆರನೆಯದು ಹಳೆಯ ಮೋಟಾರುಗಳನ್ನು ತೆಗೆದು ಕಡಿಮೆ ಕರೆಂಟ್ ತಿನ್ನುವ ಹೊಸ ಮೋಟಾರು ಹಾಕುವುದು. 12 ಲಕ್ಷ ಖರ್ಚು, ವರ್ಷಕ್ಕೆ 5.2 ಲಕ್ಷ ಉಳಿತಾಯ, 6 ವರ್ಷ.

ಇವತ್ತಿನ ಬೆಲೆಗೆ ಇಳಿಸಲು 12% ದರ ಹಿಡಿದೆವು.

ಮಗ ಮೊದಲು ಎನ್‌ಪಿವಿ ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಮಾಡಿದರು. ಕುಸುಬಲಕ್ಕಿ ಪ್ಲಾಂಟ್ ಮೇಲೆ ಬಂತು, 27.4 ಲಕ್ಷ. ಅದಕ್ಕೆ 80 ಲಕ್ಷ ಹೋದರೆ ಉಳಿಯುವುದು 20. ಆ 20ರಲ್ಲಿ ಗೋದಾಮು ಹಿಡಿಸುವುದಿಲ್ಲ, ಸೋಲಾರ್ ಹಿಡಿಸುವುದಿಲ್ಲ, ಸಾರ್ಟೆಕ್ಸ್ ಹಿಡಿಸುವುದಿಲ್ಲ. ಮುಂದಿನ ಮೋಟಾರು ಹಿಡಿಸುತ್ತದೆ, ಅದಾದ ಮೇಲೆ ಉಳಿಯುವ 8ರಲ್ಲಿ ವೇಬ್ರಿಡ್ಜ್ ಹಿಡಿಸುವುದಿಲ್ಲ. ಒಟ್ಟು 92 ಲಕ್ಷಕ್ಕೆ 36.8 ಲಕ್ಷ ಎನ್‌ಪಿವಿ.

ಯಜಮಾನರಿಗೂ ಇದೇ ಇಷ್ಟ ಇತ್ತು. ಪ್ಲಾಂಟ್ ಹಾಕಬೇಕು ಅನ್ನುವುದು ಅವರ ಹತ್ತು ವರ್ಷದ ಆಸೆ. ಆದರೆ ಈ ಪಟ್ಟಿಯಲ್ಲಿ ಒಂದು ತೊಂದರೆ ಇದೆ. ದೊಡ್ಡ ಯೋಜನೆಯ ಎನ್‌ಪಿವಿ ದೊಡ್ಡದಾಗಿ ಕಾಣುವುದಕ್ಕೆ ಅದು ನುಂಗುವ ಹಣವೂ ಒಂದು ಕಾರಣ. ಹಣವೇ ಕಡಿಮೆ ಇರುವಾಗ ಯೋಜನೆ ಒಟ್ಟು ಎಷ್ಟು ಕೊಡುತ್ತದೆ ಅನ್ನುವುದಕ್ಕಿಂತ, ಹಾಕಿದ ಒಂದೊಂದು ರೂಪಾಯಿಗೆ ಎಷ್ಟು ಕೊಡುತ್ತದೆ ಅಂತ ನೋಡಬೇಕು. ನೀರು ಕಡಿಮೆ ಇರುವ ವರ್ಷ ರೈತರು ಎಕರೆಯ ಇಳುವರಿಗಿಂತ ಒಂದು ಸಲದ ನೀರಿಗೆ ಏನು ಸಿಗುತ್ತದೆ ಅಂತ ಯೋಚಿಸುತ್ತಾರಲ್ವಾ, ಹಾಗೆ.

ಆ ಅಳತೆಗೆ ಲಾಭದಾಯಕತೆಯ ಸೂಚ್ಯಂಕ ಅಂತ ಹೆಸರು. ಮುಂದೆ ಬರುವ ಹಣದ ಇವತ್ತಿನ ಬೆಲೆಯನ್ನು ಇವತ್ತು ಹಾಕುವ ಹಣದಿಂದ ಭಾಗಿಸಿದರೆ ಅದು ಸಿಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಕುಸುಬಲಕ್ಕಿ ಪ್ಲಾಂಟಿಗೆ ಇದು ಒಂದೇ ಸಾಲು:

```
=PV(12%,10,-19)/80
```

ಉತ್ತರ 1.34. ಅಂದರೆ ಇವತ್ತು ಹಾಕುವ ಒಂದು ರೂಪಾಯಿ ಇವತ್ತಿನ ಬೆಲೆಯಲ್ಲಿ 1 ರೂಪಾಯಿ 34 ಪೈಸೆ ಆಗಿ ವಾಪಸ್ ಬರುತ್ತದೆ. ಅದರಲ್ಲಿ 34 ಪೈಸೆ ಎನ್‌ಪಿವಿ. ಆರಕ್ಕೂ ಹೀಗೆ ಮಾಡಿದಾಗ ಬಂದ ಪಟ್ಟಿ ಇದು. ಹಣವೆಲ್ಲ ಲಕ್ಷದಲ್ಲಿದೆ.

| ಯೋಜನೆ | ಇವತ್ತಿನ ಖರ್ಚು | ಎನ್‌ಪಿವಿ | ಸೂಚ್ಯಂಕ |
|---|---|---|---|
| ಮೋಟಾರು | 12 | 9.4 | 1.78 |
| ಗೋದಾಮು | 35 | 26.3 | 1.75 |
| ಸಾರ್ಟೆಕ್ಸ್ | 30 | 15.6 | 1.52 |
| ವೇಬ್ರಿಡ್ಜ್ | 15 | 6.5 | 1.43 |
| ಸೋಲಾರ್ | 50 | 20.2 | 1.40 |
| ಕುಸುಬಲಕ್ಕಿ ಪ್ಲಾಂಟ್ | 80 | 27.4 | 1.34 |

ಎನ್‌ಪಿವಿ ಪಟ್ಟಿಯಲ್ಲಿ ಮೊದಲಿದ್ದ ಪ್ಲಾಂಟ್ ಇಲ್ಲಿ ಕೊನೆಗೆ ಹೋಯಿತು. ಮೇಲಿನಿಂದ ನಾಲ್ಕು ತೆಗೆದುಕೊಂಡರೆ 92 ಲಕ್ಷ ಖರ್ಚು, 57.8 ಲಕ್ಷ ಎನ್‌ಪಿವಿ. ಅದೇ 92 ಲಕ್ಷಕ್ಕೆ ಹಿಂದಿನ ದಾರಿಯಲ್ಲಿ ಸಿಕ್ಕಿದ್ದು 36.8. ಮಗನಿಗೆ ಬಹಳ ಖುಷಿ ಆಯಿತು. ಕೆಲಸ ಮುಗಿಯಿತು ಅಂತ ನನಗೂ ಅನ್ನಿಸಿತ್ತು.

ಆಗ ಮ್ಯಾನೇಜರ್ ಒಂದು ಮಾತು ಕೇಳಿದರು. "ಗೋದಾಮು ಕಟ್ಟೋದು ಸರಿ ಸರ. ಅದರಾಗ ಭತ್ತ ತುಂಬೋರು ಯಾರು?"

ಈ ಪ್ರಕರಣದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಈ ಪ್ರಶ್ನೆಯಿಂದಲೇ. ಗೋದಾಮಿನಿಂದ ಬರುವ 9 ಲಕ್ಷದಲ್ಲಿ ಎರಡು ಭಾಗ ಇತ್ತು. ಈಗ ಊರೊಳಗಿನ ಗೋದಾಮಿಗೆ ಕೊಡುವ ಬಾಡಿಗೆ ಮತ್ತು ಹಮಾಲಿ ಉಳಿಯುವುದು 5 ಲಕ್ಷ. ಸಣ್ಣ ಭತ್ತವನ್ನು ಒಂದು ವರ್ಷ ಇಟ್ಟು ಹಳೆ ಅಕ್ಕಿ ಮಾಡಿ ಮಾರಿದರೆ ಸಿಗುವ ಹೆಚ್ಚಿನ ಬೆಲೆ 4 ಲಕ್ಷ. ಬಾಡಿಗೆ ಉಳಿತಾಯ ಒಂದರಿಂದಲೇ ಗೋದಾಮಿನ ಖರ್ಚು ಹುಟ್ಟುವುದಿಲ್ಲ. 15 ವರ್ಷದ 5 ಲಕ್ಷದ ಇವತ್ತಿನ ಬೆಲೆ 34 ಲಕ್ಷ ಮಾತ್ರ, ಕಟ್ಟಡಕ್ಕೆ 35. ಹಳೆ ಅಕ್ಕಿ ಮಾಡಿದರೇನೇ ಲಾಭ. ಹಳೆ ಅಕ್ಕಿ ಮಾಡಲು ಸುಮಾರು ಸಾವಿರ ಕ್ವಿಂಟಲ್ ಭತ್ತ ವರ್ಷವಿಡೀ ಒಳಗೆ ಕೂರಬೇಕು. ಅದರ ಬೆಲೆ 25 ಲಕ್ಷ. ಕ್ಯಾಶ್ ಕ್ರೆಡಿಟ್ ಆಗಲೇ ತುಂಬಿದೆ. ಹಾಗಾಗಿ ಆ 25 ಲಕ್ಷವೂ ಇದೇ 1 ಕೋಟಿಯಿಂದ ಹೋಗಬೇಕು.

ಕೊಟೇಶನ್ ಕೊಟ್ಟವರು ಕಟ್ಟಡದ ಗುತ್ತಿಗೆದಾರರು. ಅವರು ಗೋಡೆ, ಶೀಟು, ನೆಲದ ಲೆಕ್ಕ ಕೊಟ್ಟರು. ಭತ್ತದ ಲೆಕ್ಕ ಕೊಡುವುದು ಅವರ ಕೆಲಸ ಅಲ್ಲ. ಅದನ್ನು ಕೇಳಬೇಕಾಗಿದ್ದವನು ನಾನು, ಕೇಳಿರಲಿಲ್ಲ.

ಹೊಸದಾಗಿ ಲೆಕ್ಕ ಹಾಕಿದೆವು. ಇವತ್ತಿನ ಖರ್ಚು 60 ಲಕ್ಷ. ಭತ್ತಕ್ಕೆ ಕಟ್ಟಿಹಾಕಿದ 25 ಲಕ್ಷ ಕೊನೆಗೆ ವಾಪಸ್ ಬರುತ್ತದೆ, ಅದು ನಿಜ. ಆದರೆ 15 ವರ್ಷದ ಆಚೆ ಬರುವ 25 ಲಕ್ಷಕ್ಕೆ 12% ದರದಲ್ಲಿ ಇವತ್ತಿನ ಬೆಲೆ 4.6 ಲಕ್ಷ ಅಷ್ಟೇ. ವರ್ಷ ವರ್ಷದ 9 ಲಕ್ಷದ ಇವತ್ತಿನ ಬೆಲೆ 61.3 ಲಕ್ಷ. ಎರಡೂ ಸೇರಿ 65.9. ಎನ್‌ಪಿವಿ 26.3ರಿಂದ 5.9ಕ್ಕೆ ಬಿತ್ತು. ಸೂಚ್ಯಂಕ 1.75ರಿಂದ 1.10ಕ್ಕೆ. ಎರಡನೇ ಸ್ಥಾನದಲ್ಲಿದ್ದ ಗೋದಾಮು ಕುಸುಬಲಕ್ಕಿ ಪ್ಲಾಂಟಿಗಿಂತಲೂ ಕೆಳಗೆ ಹೋಯಿತು.

ಸೂಚ್ಯಂಕದಲ್ಲಿ ಜನ ತಪ್ಪು ಮಾಡುವುದು ಹೆಚ್ಚಾಗಿ ಇಲ್ಲೇ. ಭಾಗಾಕಾರದಲ್ಲಿ ಕೆಳಗೆ ಯಾವ ಹಣ ಹಾಕಬೇಕು ಅಂತ ಯೋಚಿಸದೆ ಯಂತ್ರದ ಬೆಲೆ ಹಾಕಿಬಿಡುತ್ತಾರೆ. ಯಾವ ಚೀಲಕ್ಕೆ ಮಿತಿ ಇದೆಯೋ ಆ ಚೀಲದಿಂದ ಹೋಗುವ ಹಣವೆಲ್ಲ ಕೆಳಗೆ ಬರಬೇಕು. ಯಂತ್ರದ ಬೆಲೆ, ಜಿಎಸ್‌ಟಿ ವಾಪಸ್ ಸಿಗದಿದ್ದರೆ ಅದು, ಅಡಿಪಾಯ, ದಾಸ್ತಾನು, ಎಲ್ಲ. ನಂತರದ ವರ್ಷಗಳಲ್ಲಿ ಮಿಲ್ಲಿನ ಆದಾಯದಿಂದಲೇ ಮಾಡುವ ಖರ್ಚು ಮೇಲೆ, ಬರುವ ಹಣದಲ್ಲಿ ಕಳೆಯಬೇಕು. ಸಾರ್ಟೆಕ್ಸಿನ ಬಿಡಿಭಾಗಗಳನ್ನು ನಾಲ್ಕನೇ ವರ್ಷ ಬದಲಿಸಬೇಕು. ಆ ಖರ್ಚಿಗೆ ಈ 1 ಕೋಟಿಯ ಹಂಗಿಲ್ಲ. ಆದ್ದರಿಂದ ವರ್ಷಕ್ಕೆ 10 ಲಕ್ಷ ಅಂತ ಹಿಡಿಯುವಾಗಲೇ ಅದನ್ನು ಮೇಲೆ ಕಳೆದಿದ್ದೆವು. ಮೇಲೆ ಕಳೆದರೂ ಕೆಳಗೆ ಕೂಡಿಸಿದರೂ ಎನ್‌ಪಿವಿ ಬದಲಾಗುವುದಿಲ್ಲ, ಆದರೆ ಸೂಚ್ಯಂಕ ಬದಲಾಗುತ್ತದೆ. ಒಂದೇ ಪಟ್ಟಿಯಲ್ಲಿ ಒಂದಕ್ಕೆ ಹೀಗೆ ಇನ್ನೊಂದಕ್ಕೆ ಹಾಗೆ ಮಾಡಿದರೆ ಕ್ರಮವೇ ಸುಳ್ಳಾಗುತ್ತದೆ.

ಸಬ್ಸಿಡಿಯೂ ಇದೇ ಜಾತಿಯದು. ಎರಡು ವರ್ಷದ ನಂತರ ಕೈಗೆ ಬರುವ ಸಬ್ಸಿಡಿಯನ್ನು ಇವತ್ತಿನ ಖರ್ಚಿನಲ್ಲಿ ಕಳೆಯುವ ಹಾಗಿಲ್ಲ. ಇವತ್ತು ಪೂರ್ತಿ ಹಣ ಕಟ್ಟುವವರು ನಾವೇ. ಅದು ಬರುವ ವರ್ಷದ ಆದಾಯದಲ್ಲಿ ಸೇರಬೇಕು. ನಮ್ಮ ಲೆಕ್ಕದಲ್ಲಿ ಸಬ್ಸಿಡಿ ಹಿಡಿದೇ ಇರಲಿಲ್ಲ, ಅದರಿಂದ ಆ ಗೊಂದಲ ಬರಲಿಲ್ಲ.

ಮ್ಯಾನೇಜರ್ ಪ್ರಶ್ನೆಯನ್ನು ಉಳಿದ ಐದಕ್ಕೂ ಹಾಕಿದೆವು. ಮೋಟಾರು, ಸಾರ್ಟೆಕ್ಸ್, ವೇಬ್ರಿಡ್ಜ್, ಸೋಲಾರ್‌ಗೆ ದಾಸ್ತಾನು ಬೇಡ. ಕುಸುಬಲಕ್ಕಿ ಪ್ಲಾಂಟಿನ ಲೆಕ್ಕ ಕೂಲಿಯದು, ಭತ್ತ ಬೇರೆಯವರದು. ಅವುಗಳ ಅಂಕಿ ಹಾಗೇ ನಿಂತವು.

ಈಗ ಗೋದಾಮು ಬಿಟ್ಟು ಮೇಲಿನಿಂದ ತೆಗೆದುಕೊಳ್ಳುತ್ತಾ ಹೋಗೋಣ. ಮೋಟಾರು 12, ಸಾರ್ಟೆಕ್ಸ್ 30, ವೇಬ್ರಿಡ್ಜ್ 15. ಒಟ್ಟು 57 ಲಕ್ಷ. ಮುಂದಿನದು ಸೋಲಾರ್, 50 ಲಕ್ಷ. ಉಳಿದಿರುವುದು 43. ಹಿಡಿಸುವುದಿಲ್ಲ. ಪ್ಲಾಂಟ್ 80, ಗೋದಾಮು 60, ಅವೂ ಹಿಡಿಸುವುದಿಲ್ಲ. ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಿದರೆ 43 ಲಕ್ಷ ಸುಮ್ನೆ ಬ್ಯಾಂಕಿನಲ್ಲಿ ಕೂರುತ್ತದೆ. ಎನ್‌ಪಿವಿ 31.5 ಲಕ್ಷ. ಮೊದಲು ತಪ್ಪು ಅಂತ ಬಿಟ್ಟ ಪ್ಲಾಂಟ್ ಮತ್ತು ಮೋಟಾರಿನ ಜೋಡಿಯೇ 36.8 ಕೊಡುತ್ತಿತ್ತು! ಒಳ್ಳೆಯ ಅಳತೆ ಬಳಸಿ ಕೆಟ್ಟ ಉತ್ತರ ತಲುಪಿದ್ದೆವು.

ಹೀಗಾಗುವುದಕ್ಕೆ ಕಾರಣ ಇದೆ. ಸೂಚ್ಯಂಕದ ಕ್ರಮ ಸರಿಯಾದ ಉತ್ತರ ಕೊಡಬೇಕಾದರೆ ಯೋಜನೆಗಳನ್ನು ತುಂಡು ಮಾಡಲು ಬರಬೇಕು. ಅಕ್ಕಿಯ ಹಾಗೆ ಅಳೆದು ಸುರಿಯುವಂತಿದ್ದರೆ ಕೊನೆಯ ಯೋಜನೆಯ ಒಂದು ಭಾಗ ತೆಗೆದುಕೊಂಡು ಚೀಲ ತುಂಬಿಸಬಹುದು. ಅರ್ಧ ಸಾರ್ಟೆಕ್ಸ್ ಯಂತ್ರ, ಕಾಲು ವೇಬ್ರಿಡ್ಜ್ ಅಂತ ಇರುವುದಿಲ್ಲ. ಇಡೀ ಇಡೀ ಮೂಟೆಗಳನ್ನು ಲಾರಿಗೆ ಹೇರುವಾಗ, ಕೆಜಿಗೆ ಜಾಸ್ತಿ ಬಾಡಿಗೆ ಕೊಡುವ ಮೂಟೆಯನ್ನೇ ಮೊದಲು ಹೇರುತ್ತಾ ಹೋದರೆ ಕೊನೆಗೆ ಲಾರಿಯಲ್ಲಿ ಯಾವ ಮೂಟೆಯೂ ಕೂರದಷ್ಟು ಜಾಗ ಖಾಲಿ ಉಳಿಯಬಹುದು. ಆಗ ಒಂದು ಮೂಟೆ ಇಳಿಸಿ ಬೇರೆ ಹೇರಿ ನೋಡಬೇಕು.

ನಾವೂ ಅದನ್ನೇ ಮಾಡಿದೆವು. ಆರು ಯೋಜನೆಗೆ ಒಟ್ಟು 64 ಜೋಡಣೆ ಇವೆ. ಅದರಲ್ಲಿ 1 ಕೋಟಿ ದಾಟುವವನ್ನು ಹೊಡೆದು ಹಾಕಿದರೆ ಕೈಯಲ್ಲೇ ನೋಡಬಹುದಾದಷ್ಟು ಉಳಿಯುತ್ತವೆ. ಯೋಜನೆ ಜಾಸ್ತಿ ಇದ್ದರೆ ಸ್ಪ್ರೆಡ್‌ಶೀಟಿನ ಸಾಲ್ವರ್‌ಗೆ ಬಿಡಬಹುದು. ಪ್ರತಿ ಯೋಜನೆಯ ಎದುರು 0 ಅಥವಾ 1, ಖರ್ಚಿನ ಮೊತ್ತ 100 ಮೀರಬಾರದು, ಎನ್‌ಪಿವಿ ಮೊತ್ತ ಜಾಸ್ತಿ ಆಗಬೇಕು, ಅಷ್ಟೇ ಹೇಳಬೇಕಾದ್ದು. ನಮ್ಮಲ್ಲಿ ಗೆದ್ದದ್ದು ಮೋಟಾರು, ಸಾರ್ಟೆಕ್ಸ್, ಸೋಲಾರ್. 92 ಲಕ್ಷಕ್ಕೆ 45.2 ಲಕ್ಷ ಎನ್‌ಪಿವಿ. ವೇಬ್ರಿಡ್ಜಿನ ಸೂಚ್ಯಂಕ 1.43, ಸೋಲಾರಿನದು 1.40. ಮೇಲಿನದನ್ನು ಇಳಿಸಿ ಕೆಳಗಿನದನ್ನು ಹೇರಿದಾಗ ಚೀಲ ಚೆನ್ನಾಗಿ ತುಂಬಿತು.

ಇಲ್ಲಿಗೇ ಬಿಡಬಹುದಿತ್ತು. ಆದರೆ ತುಂಡು ಮಾಡಲು ಬರುವುದೇ ಇಲ್ಲ ಅನ್ನುವುದು ಎಲ್ಲಕ್ಕೂ ನಿಜ ಅಲ್ಲ. ಸೋಲಾರ್ ತುಂಡಾಗುತ್ತದೆ. 100 ಕಿಲೋವ್ಯಾಟ್ ಬದಲು 80 ಹಾಕಬಹುದು. ಕೇಳಿದಾಗ 80ಕ್ಕೆ 41 ಲಕ್ಷ ಎಂದರು. ನೇರ ಲೆಕ್ಕಕ್ಕೆ 40 ಆಗಬೇಕು, ಆದರೆ ಕಂಬಿ, ಕೇಬಲ್, ಮೀಟರಿನ ಕೆಲಸ ಅದೇ ಪ್ರಮಾಣದಲ್ಲಿ ಕಡಿಮೆ ಆಗುವುದಿಲ್ಲ. 80ರಿಂದ ಬರುವ ಎನ್‌ಪಿವಿ 15.2 ಲಕ್ಷ. ಈಗ ವೇಬ್ರಿಡ್ಜ್ ಮತ್ತೆ ಒಳಗೆ ಬರುತ್ತದೆ. ನಾಲ್ಕೂ ಸೇರಿ 98 ಲಕ್ಷ, ಎನ್‌ಪಿವಿ 46.7. ಮೊದಲಿನದಕ್ಕಿಂತ 1.5 ಲಕ್ಷ ಜಾಸ್ತಿ, ಕೈಯಲ್ಲಿ ಉಳಿಯುವುದು 2 ಲಕ್ಷ.

ಇದು ಮಗನ ಯೋಚನೆ. ನನಗೆ ಬಹಳ ಹಿಡಿಸಿತು. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಅಪ್ಪಾಜಿ, ದಲಾಲಿ ಅಂಗಡಿಯಿಂದ 7 ಲಕ್ಷ ಕೈಗಡ ತಗೊಂಡರೆ ಪೂರ್ತಿ 100 ಕಿಲೋವ್ಯಾಟೇ ಹಾಕಬಹುದು" ಎಂದರು. ಬಡ್ಡಿ ನೂರಕ್ಕೆ ತಿಂಗಳಿಗೆ 2 ರೂಪಾಯಿ, ಅಂದರೆ ವರ್ಷಕ್ಕೆ 24. ಕೇಳಿದರೆ ಹೆದರಿಕೆ ಆಗುವ ದರ. ಆದರೂ ಲೆಕ್ಕ ಹಾಕಿದೆವು. ಒಂದು ವರ್ಷದಲ್ಲಿ ತೀರಿಸಿದರೆ ಕಟ್ಟಬೇಕಾದ್ದು 8.68 ಲಕ್ಷ. ಅದರ ಇವತ್ತಿನ ಬೆಲೆ 7.75 ಲಕ್ಷ. ಅಂದರೆ ಸಾಲದಿಂದ ಆಗುವ ನಷ್ಟ 75 ಸಾವಿರ. ಸೋಲಾರ್ ಪೂರ್ತಿ ಆದರೆ ಸಿಗುವ ಹೆಚ್ಚಿನ ಎನ್‌ಪಿವಿ 5 ಲಕ್ಷ. ಲೆಕ್ಕ ಸಾಲದ ಪರವಾಗಿತ್ತು.

ಬಂಡವಾಳಕ್ಕೆ ಮಿತಿ ಹಾಕಿಕೊಂಡರೆ ಆ ಮಿತಿಗೂ ಒಂದು ಬೆಲೆ ಇದೆ. ಪಟ್ಟಿಯಲ್ಲಿ ಒಳಗೂ ಹೊರಗೂ ಇಲ್ಲದೆ ಗಡಿಯಲ್ಲಿ ನಿಂತ ಯೋಜನೆಯ ಸೂಚ್ಯಂಕ ಆ ಬೆಲೆಯ ಅಂದಾಜು ಕೊಡುತ್ತದೆ. ನಮ್ಮಲ್ಲಿ ಗಡಿಯಲ್ಲಿದ್ದದ್ದು ಸೋಲಾರ್, 1.40. ಇನ್ನೊಂದು ರೂಪಾಯಿ ಸಿಕ್ಕಿದ್ದರೆ ಸುಮಾರು 40 ಪೈಸೆ ಹುಟ್ಟುತ್ತಿತ್ತು. ಅದನ್ನು ಯಜಮಾನರ ಮುಂದೆ ಇಡುವುದು ನನ್ನ ಕೆಲಸ ಅಂತ ಇಟ್ಟೆ. ಅವರು ಒಪ್ಪಲಿಲ್ಲ. ಹಿಂದೆ ಒಮ್ಮೆ ಕೈಗಡ ತಗೊಂಡ ವರ್ಷವೇ ಬೆಲೆ ಬಿದ್ದು, ಒಂದು ವರ್ಷದ ಸಾಲ ನಾಲ್ಕು ವರ್ಷ ಎಳೆದಿತ್ತಂತೆ. ಒಂದು ವರ್ಷದಲ್ಲಿ ತೀರುತ್ತದೆ ಅನ್ನುವುದು ನನ್ನ ಲೆಕ್ಕದ ಊಹೆ. ಅವರ ಅನುಭವ ಬೇರೆ. ನಾನು ಮತ್ತೆ ಒತ್ತಾಯ ಮಾಡಲಿಲ್ಲ.

ಹಾಗಾಗಿ 98 ಲಕ್ಷದ ಯೋಜನೆ ಮುಂದೆ ಬಂತು. ಅದಕ್ಕೆ ಸಹಿ ಹಾಕುವ ಮೊದಲು ಒಂದು ವಿಷಯ ನೋಡಬೇಕಿತ್ತು. ಸೋಲಾರನ್ನು ಕತ್ತರಿಸಿ ವೇಬ್ರಿಡ್ಜ್ ಸೇರಿಸಿದ್ದರಿಂದ ನಮಗೆ ಸಿಕ್ಕಿದ್ದು 1.5 ಲಕ್ಷ ಮಾತ್ರ. ವೇಬ್ರಿಡ್ಜಿನ ಅಂದಾಜು ಎಷ್ಟು ಕೆಳಗೆ ಬಂದರೆ ಈ ಲಾಭ ಕರಗುತ್ತದೆ? ಕತ್ತರಿಸಿದ್ದರಿಂದ ಸೋಲಾರ್ ಕಳೆದುಕೊಳ್ಳುವುದು 5 ಲಕ್ಷ ಎನ್‌ಪಿವಿ. ವೇಬ್ರಿಡ್ಜ್ ಕನಿಷ್ಠ ಅಷ್ಟನ್ನು ತುಂಬಿಕೊಡಬೇಕು. ಅದರ ಇವತ್ತಿನ ಖರ್ಚು 15, ಸೇರಿಸಿದರೆ 20 ಲಕ್ಷ. ಅದನ್ನು 12% ದರದಲ್ಲಿ 10 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 3.55 ಲಕ್ಷ ಬರಬೇಕು. ನಮ್ಮ ಅಂದಾಜು 3.8. ನಡುವೆ ಇರುವ ಅಂತರ 25 ಸಾವಿರ ರೂಪಾಯಿ.

ಆ 3.8 ಎಲ್ಲಿಂದ ಬಂತು? ಮಿಲ್ಲಿನ ಸ್ವಂತ ಲಾರಿಗಳ ತೂಕ ವರ್ಷಕ್ಕೆ 3,000 ಸಲ, ಸಲಕ್ಕೆ 100 ರೂಪಾಯಿಯಂತೆ ಉಳಿಯುವುದು 3 ಲಕ್ಷ. ಇದಕ್ಕೆ ರಸೀದಿ ಇದೆ. ಹೊರಗಿನ ಲಾರಿಗಳು 2,200 ಬರುತ್ತವೆ, ಅದರಿಂದ 2.2 ಲಕ್ಷ. ಆಪರೇಟರ್ ಸಂಬಳ ಮತ್ತು ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆಯ ಖರ್ಚು 1.4 ಲಕ್ಷ ಕಳೆದರೆ 3.8. ಹೊರಗಿನ ಲಾರಿಗಳ ಸಂಖ್ಯೆಗೆ ಮಾತ್ರ ಯಾವ ಕಾಗದವೂ ಇರಲಿಲ್ಲ. ಅದು ಬಾಯಿ ಅಂದಾಜು.

ಎಣಿಸೋಣ ಎಂದೆವು. ಮ್ಯಾನೇಜರ್ ಹತ್ತು ದಿನ ಗೇಟಿನ ಬಳಿ ಒಬ್ಬ ಹುಡುಗನನ್ನು ಕೂರಿಸಿದರು. ತೂಕ ಬೇಕಾದ ಲಾರಿಗಳು ರಸ್ತೆಯಲ್ಲಿ ಬೇಕಾದಷ್ಟು ಹೋಗುತ್ತಿದ್ದವು. ಆದರೆ ಒಂದು ಕಿಲೋಮೀಟರ್ ಆಚೆ ಇನ್ನೊಂದು ವೇಬ್ರಿಡ್ಜ್ ಇದೆ. ಹೆಚ್ಚಿನ ಡ್ರೈವರುಗಳು ಅಲ್ಲಿಗೇ ಹೋಗುವವರು. ಅಲ್ಲಿ ಚಹಾದಂಗಡಿ ಇದೆ, ಲಾರಿ ತಿರುಗಿಸಲು ಜಾಗ ಇದೆ. ಮಾತಾಡಿಸಿದಾಗ ಅರ್ಧದಷ್ಟು ಜನ ಮಾತ್ರ ಇಲ್ಲಿ ಬರಬಹುದು ಎಂದರು. 2,200 ಹೋಗಿ 1,100 ಆದರೆ ವರ್ಷಕ್ಕೆ ಬರುವುದು 2.7 ಲಕ್ಷ. ವೇಬ್ರಿಡ್ಜಿನ ಎನ್‌ಪಿವಿ 6.5ರಿಂದ 0.3ಕ್ಕೆ ಬರುತ್ತದೆ, ಸೂಚ್ಯಂಕ 1.02. ನಾಲ್ಕರ ಜೋಡಣೆ 40.5 ಕೊಡುತ್ತದೆ, ವೇಬ್ರಿಡ್ಜ್ ಇಲ್ಲದ ಮೂರರ ಜೋಡಣೆ 45.2.

ಕೈಗಡದ ಮಾತೂ ಅಲ್ಲಿಗೇ ಮುಗಿಯಿತು. ಚೀಲ ತುಂಬಿಹೋಗಿದೆ, ಇನ್ನೂ 7 ಲಕ್ಷ ಬೇಕು ಅಂತ ನಮಗೆ ಅನ್ನಿಸಿದ್ದೇ ಆ ಕಾಣದ 1,100 ಲಾರಿಗಳಿಂದ. ಸೂಚ್ಯಂಕವನ್ನು ಎರಡು ದಶಾಂಶಕ್ಕೆ ಬರೆದಾಗ 1.43 ಮತ್ತು 1.40ರ ನಡುವೆ ದೊಡ್ಡ ವ್ಯತ್ಯಾಸ ಇದ್ದಂತೆ ಕಾಣುತ್ತದೆ. ಅದರ ಹಿಂದೆ ಇರುವ ಅಂಕಿಯಲ್ಲಿ ಯಾವುದಕ್ಕೆ ಬಿಲ್ಲು ಇದೆ, ಯಾವುದು ಬಾಯಿ ಮಾತು ಅಂತ ಪಕ್ಕದಲ್ಲೇ ಬರೆದಿಡುವ ಅಭ್ಯಾಸವನ್ನು ನಾನು ಆಮೇಲೆ ಮಾಡಿಕೊಂಡೆ. ಸಾರ್ಟೆಕ್ಸಿನ 10 ಲಕ್ಷಕ್ಕೆ ಹಳೆಯ ಕೂಲಿ ಬಿಲ್ಲುಗಳಿದ್ದವು. ಮೋಟಾರಿಗೆ ಮೀಟರ್ ಹಾಕಿ ಅಳೆದಿದ್ದರು. ಸೋಲಾರಿನಲ್ಲಿ ಅನುಮಾನ ಇರುವುದು 20 ವರ್ಷ ಎಂಬ ಅವಧಿಯಲ್ಲಿ. ಅದನ್ನು 15ಕ್ಕೆ ಇಳಿಸಿ ನೋಡಿದೆವು. ಸೂಚ್ಯಂಕ 1.28 ಆಗುತ್ತದೆ, ಎನ್‌ಪಿವಿ 14 ಲಕ್ಷ. ಆಗಲೂ ಮೂರರ ಜೋಡಣೆ 39 ಕೊಡುತ್ತದೆ, ಪ್ಲಾಂಟ್ ಮತ್ತು ಮೋಟಾರಿನ 36.8ಕ್ಕಿಂತ ಮೇಲೆ.

ಯಜಮಾನರ ಮನಸ್ಸಿನಲ್ಲಿ ಪ್ಲಾಂಟ್ ಇನ್ನೂ ಇತ್ತು. "ಅಲ್ರೀ ಸರ, ಈ ವರ್ಷ ಬಿಟ್ಟರೆ ಅದು ಹೋದಂಗೇನು?" ಎಂದು ಕೇಳಿದರು.

ಈ ಪ್ರಶ್ನೆಗೆ ಸೂಚ್ಯಂಕದಲ್ಲಿ ಉತ್ತರ ಇಲ್ಲ. ನಾವು ಮಾಡಿದ ಲೆಕ್ಕವೆಲ್ಲ ಈ ವರ್ಷದ ಒಂದು ಚೀಲದ್ದು. ಈಗ ಬಿಟ್ಟ ಯೋಜನೆ ಮುಂದೆ ಸಿಗುತ್ತದೋ ಇಲ್ಲವೋ ಅನ್ನುವುದನ್ನು ಅದು ನೋಡುವುದೇ ಇಲ್ಲ. ಪ್ಲಾಂಟನ್ನು ಒಂದು ವರ್ಷ ಮುಂದೂಡಿದರೆ ಅದರ 27.4 ಲಕ್ಷದ ಎನ್‌ಪಿವಿ ಇವತ್ತಿನ ಬೆಲೆಯಲ್ಲಿ 24.4 ಆಗುತ್ತದೆ. ನಷ್ಟ 3 ಲಕ್ಷದಷ್ಟು. ಅದರ ಬದಲು ಸಾರ್ಟೆಕ್ಸ್ ಮತ್ತು ಸೋಲಾರನ್ನು ಮುಂದೂಡಿದರೆ ನಷ್ಟ 3.8 ಲಕ್ಷ. ಎಲ್ಲವೂ ಕಾಯುವಂಥವಾದರೆ ಕ್ರಮ ಬದಲಾಗುವುದಿಲ್ಲ. ಆದರೆ ಪ್ಲಾಂಟ್ ಈಗ ಇಲ್ಲದಿದ್ದರೆ ಇನ್ನಿಲ್ಲ ಅನ್ನುವಂಥದ್ದಾಗಿದ್ದರೆ, ಉದಾಹರಣೆಗೆ ಮುಚ್ಚಿದ ಮಿಲ್ಲಿನ ಹಳೆ ಪ್ಲಾಂಟ್ ಕಡಿಮೆ ಬೆಲೆಗೆ ಸಿಕ್ಕಿದ್ದರೆ, ಬಿಟ್ಟಾಗ ಹೋಗುವುದು 3 ಲಕ್ಷವಲ್ಲ, ಪೂರ್ತಿ 27.4 ಲಕ್ಷ. ಆಗ ನಾನು ಬೇರೆ ಸಲಹೆ ಕೊಡುವುದರ ಬಗ್ಗೆ ಗಂಭೀರವಾಗಿ ಯೋಚಿಸಬೇಕಾಗುತ್ತಿತ್ತು. ಇಲ್ಲಿ ಅದು ಹೊಸ ಪ್ಲಾಂಟ್. ಮುಂದಿನ ವರ್ಷವೂ ಕೊಟೇಶನ್ ಸಿಗುತ್ತದೆ.

ಇನ್ನೊಂದು ವಿಷಯ, ಈ ವರ್ಷದ ಆಯ್ಕೆಯೇ ಮುಂದಿನ ವರ್ಷದ ಚೀಲವನ್ನು ತುಂಬುತ್ತದೆ. ಮೋಟಾರು, ಸಾರ್ಟೆಕ್ಸ್, ಸೋಲಾರ್ ಸೇರಿ ವರ್ಷಕ್ಕೆ 24.6 ಲಕ್ಷ ತರುತ್ತವೆ. ಪ್ಲಾಂಟ್ ಮತ್ತು ಮೋಟಾರು ತರುವುದು 24.2. ಇಲ್ಲಿ ಎರಡೂ ಹೆಚ್ಚು ಕಡಿಮೆ ಸಮ, ಆದ್ದರಿಂದ ತೀರ್ಮಾನ ಬದಲಾಗಲಿಲ್ಲ. ಸಮ ಇಲ್ಲದಿದ್ದರೆ, ಮುಂದಿನ ವರ್ಷವೂ ಹಣಕ್ಕೆ ಮಿತಿ ಇದ್ದರೆ, ಒಂದೇ ಸೂಚ್ಯಂಕ ಸಾಲುವುದಿಲ್ಲ. ಎರಡು ವರ್ಷದಲ್ಲಿ ಎರಡು ಚೀಲ ಇದ್ದಾಗ ಯಾವ ಚೀಲದ ಹಣದಿಂದ ಭಾಗಿಸುವುದು? 1955ರಲ್ಲೇ ಷಿಕಾಗೋ ವಿಶ್ವವಿದ್ಯಾಲಯದ ಲೋರಿ ಮತ್ತು ಸ್ಯಾವೇಜ್ ಈ ಕಷ್ಟವನ್ನು ಎತ್ತಿ ತೋರಿಸಿದ್ದರು. ಅಂಥ ಕಡೆ ಸೂಚ್ಯಂಕದ ಪಟ್ಟಿ ಬದಿಗಿಟ್ಟು, ಎರಡೂ ವರ್ಷದ ಮಿತಿಯನ್ನು ಸಾಲ್ವರ್‌ನಲ್ಲಿ ಬೇರೆ ಬೇರೆಯಾಗಿ ಬರೆದು ಜೋಡಣೆ ಹುಡುಕಬೇಕು.

ಕೊನೆಗೆ 92 ಲಕ್ಷಕ್ಕೆ ಮೂರು ಆರ್ಡರ್ ಹೋದವು. ಮೋಟಾರು ಮೊದಲು, ಸೋಲಾರ್ ಆಮೇಲೆ. ಸಾರ್ಟೆಕ್ಸ್ ಮಾತ್ರ ಮುಂಗಾರಿನ ಭತ್ತ ಬರುವ ನವೆಂಬರಿಗೆ ಮುಂಚೆ ಕೂರಲೇಬೇಕು ಎಂದು ಕರಾರಿನಲ್ಲಿ ಬರೆಸಿದರು. ಉಳಿದ 8 ಲಕ್ಷವನ್ನು ಠೇವಣಿ ಇಟ್ಟರು. ಸೋಲಾರನ್ನು ಅದರಿಂದ ದೊಡ್ಡದು ಮಾಡಲು ಮಿಲ್ಲಿನ ಮಂಜೂರಾದ ಲೋಡು ಬಿಡುವುದಿಲ್ಲ.

ಮಗ ಗೋದಾಮನ್ನು ಇನ್ನೂ ಕೈಬಿಟ್ಟಿಲ್ಲ. ದಾಸ್ತಾನು ಅಡವಿಟ್ಟರೆ ಅದರ ಮೇಲೆ ಪ್ರತ್ಯೇಕ ಸಾಲ ಸಿಗುತ್ತದೆಯೇ ಅಂತ ಬ್ಯಾಂಕಿನಲ್ಲಿ ವಿಚಾರಿಸುತ್ತಿದ್ದಾರೆ. 25 ಲಕ್ಷದ ಭತ್ತಕ್ಕೆ 18 ಲಕ್ಷ ಸಾಲ 10% ಬಡ್ಡಿಗೆ ಸಿಕ್ಕರೆ ತಮ್ಮ ಚೀಲದಿಂದ ಹೋಗುವುದು 60 ಅಲ್ಲ, 42 ಲಕ್ಷ. ಬಡ್ಡಿ ಕಳೆದ ಮೇಲೂ ಸೂಚ್ಯಂಕ 1.10ರಿಂದ 1.20ಕ್ಕೆ ಏರುತ್ತದೆ. ಪ್ಲಾಂಟಿನ 1.34ಕ್ಕೆ ಅದು ಇನ್ನೂ ಸಮ ಅಲ್ಲ. ಆದರೆ ಎರಡು ವರ್ಷ ಕಳೆದು ಹಳೆ ಸಾಲ ತೀರುವ ಹೊತ್ತಿಗೆ, ಈ ಮೂರು ಯೋಜನೆ ದುಡಿದ ಹಣ ಮತ್ತು ಆ 8 ಲಕ್ಷ ಸೇರಿ ಚೀಲದಲ್ಲಿ 57 ಲಕ್ಷ ಇರುತ್ತದೆ. ಅದರಲ್ಲಿ ಗೋದಾಮು ಹಿಡಿಸುತ್ತದೆ, ಪ್ಲಾಂಟಿಗೆ 23 ಲಕ್ಷ ಬ್ಯಾಂಕಿನಿಂದ ಬರಬೇಕು. ಯಜಮಾನರು ಪ್ಲಾಂಟಿನ ಕೊಟೇಶನ್ನನ್ನು ಕಪಾಟಿನಲ್ಲಿ ಜೋಪಾನ ಮಾಡಿದ್ದಾರೆ.